ಶೇ. 98ರ ಮರೆಯಲ್ಲಿ ಏನಿದೆ?

ಒಂದು ವೆಬ್‌ಸೈಟಿನ ಕ್ಯಾಶ್ ಹಿಟ್ ರೇಶಿಯೋ ಶೇ. 98ರಿಂದ 96ಕ್ಕೆ ಇಳಿಯಿತು ಅನ್ನಿ. ಗ್ರಾಫ್ ನೋಡುವವರ ಕಣ್ಣಿಗೆ ಅದು ಗೆರೆಯಲ್ಲೊಂದು ಸಣ್ಣ ಬಳುಕು, ಅಷ್ಟೆ. ಹಿಂದೆ ಕೂತಿರುವ ಡೇಟಾಬೇಸಿಗೆ ಮಾತ್ರ ಆ ಗಳಿಗೆಯಿಂದ ಕೆಲಸ ಇಮ್ಮಡಿಯಾಗಿದೆ. ನೂರರಲ್ಲಿ ಎರಡು ಪ್ರಶ್ನೆ ಬರುತ್ತಿದ್ದ ಕಡೆ ಈಗ ನಾಲ್ಕು ಬರುತ್ತಿವೆ. ಹಿಟ್ ರೇಶಿಯೋ ಓದುವಾಗ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟುತ್ತವೆ. ನಾವು ಕ್ಯಾಶ್ ಎಷ್ಟು ಉತ್ತರ ಕೊಟ್ಟಿತೆಂದು ನೋಡುತ್ತೇವೆ, ಅದು ಕೊಡಲಾಗದೆ ಡೇಟಾಬೇಸಿಗೆ ದಾಟಿಸಿದ್ದು ಎಷ್ಟೆಂದು ನೋಡುವುದಿಲ್ಲ.

ಕ್ಯಾಶ್ ಅಂದರೆ ಏನೆಂಬುದು ಕಿರಾಣಿ ಅಂಗಡಿ ಕಂಡವರಿಗೆಲ್ಲ ಗೊತ್ತು. ದಿನವೂ ಹತ್ತಾರು ಜನ ಕೇಳುವ ಸಾಮಾನನ್ನು ಅಂಗಡಿಯವರು ಕೈಗೆಟಕುವಲ್ಲಿ ಇಟ್ಟುಕೊಂಡಿರುತ್ತಾರೆ, ಉಳಿದದ್ದಕ್ಕೆ ಗೋದಾಮಿಗೆ ಹೋಗಬೇಕು. ವೆಬ್‌ಸೈಟುಗಳಲ್ಲಿ ಆ ಗೋದಾಮೇ ಡೇಟಾಬೇಸ್. ಕೈಗೆಟಕುವ ಜಾಗದಲ್ಲಿ ರೆಡಿಸ್ ಅಥವಾ ಮೆಮ್‌ಕ್ಯಾಶ್ಡ್ ಎಂಬ ತಂತ್ರಾಂಶ ಇರುತ್ತದೆ. ಕೇಳಿದ್ದು ಅಲ್ಲೇ ಸಿಕ್ಕರೆ ಹಿಟ್, ಸಿಗದಿದ್ದರೆ ಮಿಸ್. ಒಟ್ಟು ಕೇಳಿಕೆಯಲ್ಲಿ ಹಿಟ್‌ಗಳ ಪಾಲೇ ಹಿಟ್ ರೇಶಿಯೋ.

ಇನ್ನು ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದು ಹೋಗೋಣ. ಲೆಕ್ಕಕ್ಕಾಗಿ ಕಲ್ಪಿಸಿಕೊಂಡ ಪುಸ್ತಕ ಮಾರುವ ತಾಣ ಅದು. ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್, ಮುಂದೆ ರೆಡಿಸ್. ಕಾದಂಬರಿ, ಮಕ್ಕಳ ಸಾಹಿತ್ಯ, ಅಡುಗೆ ಹೀಗೆ ಪ್ರತಿ ವಿಭಾಗದ ಪುಟದಲ್ಲಿ ಹೊಸದಾಗಿ ಬಂದ 20 ಪುಸ್ತಕಗಳ ಪಟ್ಟಿ ಕಾಣಬೇಕು. ಸೆಕೆಂಡಿಗೆ 1000 ಕೇಳಿಕೆ ಬರುತ್ತಿವೆ, ಹಿಟ್ ರೇಶಿಯೋ ಶೇ. 98. ಅಂದರೆ ಡೇಟಾಬೇಸಿಗೆ ತಲುಪುವುದು ಸೆಕೆಂಡಿಗೆ 20 ಕ್ವೆರಿ. ಆ ಪಟ್ಟಿ ತೆಗೆಯಲು ಡೇಟಾಬೇಸಿಗೆ 400 ಮಿಲಿಸೆಕೆಂಡು, ಅಂದರೆ ಅರ್ಧ ಸೆಕೆಂಡಿಗೆ ಸ್ವಲ್ಪ ಕಡಿಮೆ ಹಿಡಿಯುತ್ತದೆ. ಹತ್ತು ಪುಟ ತೆರೆದರೂ ಒಂಬತ್ತೋ ಹತ್ತೋ ಥಟ್ಟನೆ ಬರುವುದರಿಂದ ಯಾರೂ ದೂರು ಹೇಳುವುದಿಲ್ಲ.

ಸೆಕೆಂಡಿಗೆ 20 ಕ್ವೆರಿ, ಒಂದೊಂದಕ್ಕೆ 0.4 ಸೆಕೆಂಡು. ಎರಡನ್ನೂ ಗುಣಿಸಿದರೆ 8. ಯಾವ ಕ್ಷಣದಲ್ಲಿ ನೋಡಿದರೂ ಸರಾಸರಿ 8 ಡೇಟಾಬೇಸ್ ಕನೆಕ್ಷನ್‌ಗಳು ಕೆಲಸದಲ್ಲಿ ಮುಳುಗಿರುತ್ತವೆ. ಸರದಿ ಸಾಲುಗಳ ಈ ಸರಳ ಲೆಕ್ಕಕ್ಕೆ 1961ರಲ್ಲಿ ಸಾಧನೆ ಕೊಟ್ಟ ಜಾನ್ ಲಿಟಲ್ ಅವರ ಹೆಸರಿದೆ. ತಾಣದ ಬಳಿ 20 ಕನೆಕ್ಷನ್‌ಗಳಿದ್ದರೆ ಅದರ ತಾಕತ್ತು ಸೆಕೆಂಡಿಗೆ 50 ಕ್ವೆರಿ. ಇದನ್ನೇ ತಿರುಗಿಸಿ ಹೇಳಿದರೆ, ಹಿಟ್ ರೇಶಿಯೋ ಶೇ. 95ಕ್ಕಿಂತ ಕೆಳಗಿಳಿಯುವ ಹಾಗೇ ಇಲ್ಲ. ಶೇ. 94ಕ್ಕೆ ಬಂತೆಂದರೆ ಪ್ರತಿ ಸೆಕೆಂಡಿಗೂ ತೀರಿಸಲಾಗದ 10 ಕ್ವೆರಿಗಳು ಬಾಕಿ ಬೀಳುತ್ತವೆ. ಒಂದು ನಿಮಿಷ ಕಳೆಯುವಷ್ಟರಲ್ಲಿ ಬಾಕಿ 600, ಆಗ ಬಂದವರು 12 ಸೆಕೆಂಡು ಕಾಯಬೇಕು. ಶೇ. 94 ಒಳ್ಳೆಯ ಅಂಕದಂತೆಯೇ ಕಾಣುತ್ತದೆ, ತಾಣ ಮಾತ್ರ ಮಲಗಿರುತ್ತದೆ.

ಇದರಿಂದ ತಿಳಿಯುವುದೇನು? ಈ ತಾಣದಲ್ಲಿ ಕ್ಯಾಶ್ ವೇಗ ಹೆಚ್ಚಿಸುವ ಸಹಾಯಕನಾಗಿ ಉಳಿದಿಲ್ಲ, ಕಟ್ಟಡ ಬೀಳದಂತೆ ತಡೆದಿರುವ ಊರುಗೋಲಾಗಿದೆ. ನಿಧಾನದ ಕ್ವೆರಿಯೊಂದು ಅದರ ಹಿಂದೆ ಅಡಗಿ ಕೂತಿದೆ.

ಈಗ ಅಂಕಿಗಳನ್ನು ಓದುವ ಬಗೆಗೆ ಬರೋಣ. ರೆಡಿಸ್ ತನ್ನ ಹಿಟ್ ಮತ್ತು ಮಿಸ್‌ಗಳನ್ನು ತಾನೇ ಎಣಿಸಿಟ್ಟುಕೊಳ್ಳುತ್ತದೆ. ಆದರೆ ಆ ಎಣಿಕೆ ಸರ್ವರ್ ಶುರುವಾದಾಗಿನಿಂದ ಕೂಡುತ್ತಲೇ ಹೋಗುವ ಒಟ್ಟು ಮೊತ್ತ. ನಮ್ಮ ತಾಣದಲ್ಲಿ `redis-cli INFO stats` ಕೊಟ್ಟು, ಒಂದು ನಿಮಿಷ ಬಿಟ್ಟು ಮತ್ತೆ ಕೊಟ್ಟಾಗ ಹೀಗೆ ಬಂತೆಂದುಕೊಳ್ಳಿ:

```
keyspace_hits:98000000
keyspace_misses:2000000

keyspace_hits:98054000
keyspace_misses:2006000
```

ಎರಡನೆಯ ಸಲದ ಮೊತ್ತವನ್ನೇ ಭಾಗಿಸಿದರೆ ಈಗಲೂ ಶೇ. 98ರ ಆಸುಪಾಸೇ ಸಿಗುತ್ತದೆ. ಎರಡರ ನಡುವಿನ ವ್ಯತ್ಯಾಸ ತೆಗೆದರೆ ಆ ಒಂದು ನಿಮಿಷದ 60,000 ಕೇಳಿಕೆಗಳಲ್ಲಿ 6000 ಮಿಸ್, ಅಂದರೆ ಶೇ. 90. ಸೆಕೆಂಡಿಗೆ 100 ಕ್ವೆರಿ, ಡೇಟಾಬೇಸಿನ ತಾಕತ್ತಿನ ಇಮ್ಮಡಿ. ತಾಣ ಕುಸಿಯುತ್ತಿರುವ ಹೊತ್ತಿನಲ್ಲೂ ಒಟ್ಟು ಮೊತ್ತ ಎಲ್ಲ ಕ್ಷೇಮ ಅನ್ನುತ್ತಿರುತ್ತದೆ. ಆದ್ದರಿಂದ ಗ್ರಾಫ್ ಹಾಕುವವರು ವ್ಯತ್ಯಾಸವನ್ನೇ ಹಾಕಬೇಕು. ಅದರ ಪಕ್ಕದಲ್ಲಿ ಸೆಕೆಂಡಿಗೆ ಎಷ್ಟು ಮಿಸ್ ಎಂಬ ಇನ್ನೊಂದು ಗೆರೆ ಇರಲೇಬೇಕು. ಎರಡರಲ್ಲಿ ಒಂದೇ ಸಾಕು ಅನ್ನುವುದಾದರೆ ನಾನು ಮಿಸ್‌ಗಳ ಗೆರೆಯನ್ನೇ ಉಳಿಸಿಕೊಳ್ಳುತ್ತೇನೆ.

ಕಾರಣವಿದೆ. ರೇಶಿಯೋ ಸುಳ್ಳೇ ಏರುವುದೂ ಉಂಟು. ತಾಣದವರು ಹೊಸ ಬದಲಾವಣೆಯೊಂದನ್ನು ಮಾಡಿ, ಪ್ರತಿ ಪುಟವೂ ಅಂಚೆ ವೆಚ್ಚ, ತೆರಿಗೆ ದರ ಮುಂತಾದ ಸೆಟ್ಟಿಂಗ್‌ಗಳಿಗಾಗಿ ಕ್ಯಾಶನ್ನು ಇನ್ನೂ ನಾಲ್ಕು ಸಲ ಕೇಳುವಂತಾಯಿತು. ಆ ನಾಲ್ಕೂ ಸದಾ ಹಿಟ್. ಈಗ ಒಟ್ಟು ಕೇಳಿಕೆ 5000, ಮಿಸ್ ಮೊದಲಿನಂತೆಯೇ 20. ರೇಶಿಯೋ ಶೇ. 98ರಿಂದ 99.6ಕ್ಕೆ ಹಾರಿತು. ಡೇಟಾಬೇಸಿನ ಹೊರೆ ಕೂದಲೆಳೆಯಷ್ಟೂ ಇಳಿದಿಲ್ಲ. ಇದೇ ಮಾತು ತಿರುವುಮುರುವಾಗಿಯೂ ನಿಜ. ಹಬ್ಬದ ಮಾರಾಟಕ್ಕೆ ಜನ ಮೂರು ಪಟ್ಟಾದರೆ ರೇಶಿಯೋ ಅದೇ 98ರಲ್ಲಿ ನಿಂತಿದ್ದರೂ ಮಿಸ್ 60 ಆಗುತ್ತದೆ, ತಾಣ ಕೆಳಗೆ ಕೂರುತ್ತದೆ.

ರೇಶಿಯೋ ನಿಜಕ್ಕೂ ಇಳಿದಾಗ ಕ್ಯಾಶಿನ ಕಡೆಯ ಕಾರಣ ಹುಡುಕಲು ಅದೇ ಪಟ್ಟಿಯಲ್ಲಿರುವ `evicted_keys` ನೆರವಾಗುತ್ತದೆ. ಅದು ಏರುತ್ತಿದ್ದರೆ ಮೆಮೊರಿ ಸಾಲದೆ ರೆಡಿಸ್ ಹಳೆಯದನ್ನು ಹೊರಹಾಕುತ್ತಿದೆ ಎಂದರ್ಥ. ಅದು ಏರದೆ, ಹೊಸ ಆವೃತ್ತಿ ಹಾಕಿದ ಗಳಿಗೆಯಿಂದಲೇ ರೇಶಿಯೋ ಬಿದ್ದಿದ್ದರೆ ಕೀಗಳ ಹೆಸರೋ, ಅವುಗಳ ಅವಧಿಯೋ ಬದಲಾಗಿರುವ ಸಂಭವ ಹೆಚ್ಚು.

ಇದಕ್ಕಿಂತ ಕಪಟಿಯಾದದ್ದು ರೇಶಿಯೋದಲ್ಲಿ ಕಾಣಿಸಿಕೊಳ್ಳದ ಬೀಳು. ಕಾದಂಬರಿ ವಿಭಾಗವನ್ನೇ ಸೆಕೆಂಡಿಗೆ 300 ಜನ ಕೇಳುತ್ತಾರೆ ಅನ್ನಿ. ಅದರ ಕೀ ಅವಧಿ ಮುಗಿದು ಅಳಿಯಿತು. ಮೊದಲು ಬಂದವರಿಗಾಗಿ ಡೇಟಾಬೇಸ್ ಪಟ್ಟಿ ತಯಾರಿಸುತ್ತಿದೆ, ಅದಕ್ಕೆ 0.4 ಸೆಕೆಂಡು ಬೇಕು. ಅಷ್ಟರಲ್ಲಿ ಬಂದ 120 ಜನಕ್ಕೂ ಕ್ಯಾಶ್ ಖಾಲಿ. 120 ಒಂದೇ ಬಗೆಯ ಕ್ವೆರಿಗಳು ಒಟ್ಟಿಗೆ ನುಗ್ಗುತ್ತವೆ. ಒಂದು ನಿಮಿಷದ 60,000 ಕೇಳಿಕೆಗಳಲ್ಲಿ 120 ಅಂದರೆ ಶೇ. 0.2, ಗ್ರಾಫಿನ ಗೆರೆ ಅಲುಗುವುದಿಲ್ಲ. ಆದರೆ ಪೋಸ್ಟ್‌ಗ್ರೆಸ್ ಮೊದಲಿನ ಹೊಂದಿಕೆಯಲ್ಲಿ ಒಪ್ಪುವುದೇ 100 ಕನೆಕ್ಷನ್‌ಗಳನ್ನು, ನಮ್ಮ ತಾಣದಲ್ಲಿರುವುದು 20. ಕ್ಯಾಶ್ ಚೆನ್ನಾಗಿದೆ, ಡೇಟಾಬೇಸ್ ಮಾತ್ರ ಆಗಾಗ ಕಾರಣವಿಲ್ಲದೆ ಬಿಕ್ಕುತ್ತದೆ ಎಂಬ ದೂರು ಬಂದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನು. ಫೇಸ್‌ಬುಕ್‌ನ ಎಂಜಿನಿಯರುಗಳು 2013ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೆ ತಾವು ಕಂಡುಕೊಂಡ ಉಪಾಯ ಹೇಳಿದ್ದಾರೆ. ಮಿಸ್ ಆದಾಗ ಒಬ್ಬರಿಗೆ ಮಾತ್ರ ಡೇಟಾಬೇಸಿಗೆ ಹೋಗಲು ಚೀಟಿ ಕೊಡುವುದು, ಉಳಿದವರನ್ನು ಸ್ವಲ್ಪ ತಡೆಯುವುದು. ಇಂಥ ನೂಕುನುಗ್ಗಲಿಗೆ ಸುಲಭವಾಗಿ ತುತ್ತಾಗುವ ಕೀಗಳ ಮೇಲೆ ಅದನ್ನು ಪ್ರಯೋಗಿಸಿದಾಗ ಡೇಟಾಬೇಸಿನ ಗರಿಷ್ಠ ಹೊರೆ ಸೆಕೆಂಡಿಗೆ 17,000 ಕ್ವೆರಿಯಿಂದ 1300ಕ್ಕೆ ಇಳಿಯಿತಂತೆ.

ಅದೇ ಕಂಪನಿ 2010ರ ಸೆಪ್ಟೆಂಬರ್ 23ರಂದು ಸುಮಾರು ಎರಡೂವರೆ ಗಂಟೆ ನಿಂತುಹೋಗಿತ್ತು. ಒಂದು ತಪ್ಪು ಮೌಲ್ಯವನ್ನು ಸರಿಪಡಿಸಲು ಎಲ್ಲ ಯಂತ್ರಗಳೂ ಒಮ್ಮೆಲೇ ಡೇಟಾಬೇಸನ್ನು ಕೇಳಿದವು. ಉತ್ತರ ಬಾರದಿದ್ದಾಗ ಕ್ಯಾಶಿನಲ್ಲಿದ್ದ ಕೀಯನ್ನೂ ಅಳಿಸಿ ಮತ್ತೆ ಕೇಳಿದವು. ಆ ಸುಳಿಯಿಂದ ಡೇಟಾಬೇಸನ್ನು ಬಿಡಿಸಲು ತಾಣಕ್ಕೆ ಬರುವ ಸಂಚಾರವನ್ನೇ ನಿಲ್ಲಿಸಬೇಕಾಯಿತು.

ನಮ್ಮ ಪುಸ್ತಕದ ತಾಣಕ್ಕೆ ಮರಳೋಣ. ಇಂಥ ಕಡೆ ಸಾಮಾನ್ಯವಾಗಿ ಮಾಡುವ ದುರಸ್ತಿಯೆಂದರೆ ಕ್ಯಾಶಿನ ಅವಧಿಯನ್ನು ಐದು ನಿಮಿಷದಿಂದ ಒಂದು ಗಂಟೆಗೆ ಹಿಗ್ಗಿಸುವುದು. ರೇಶಿಯೋ ಏರುತ್ತದೆ, ಸಭೆಯಲ್ಲಿ ತೋರಿಸಲು ಗ್ರಾಫ್ ಚೆನ್ನಾಗಿರುತ್ತದೆ. ಬೆಳಿಗ್ಗೆ ಸೇರಿಸಿದ ಪುಸ್ತಕ ಒಂದು ಗಂಟೆಯವರೆಗೆ ಪಟ್ಟಿಯಲ್ಲಿ ಕಾಣುವುದಿಲ್ಲ, ನಿಧಾನದ ಕ್ವೆರಿ ಇನ್ನಷ್ಟು ಆಳಕ್ಕೆ ಹೂತುಹೋಗುತ್ತದೆ. ಇದನ್ನು ದುರಸ್ತಿ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಮಾಡಬೇಕಾದದ್ದು ಮಿಸ್ ಆದಾಗ ಆಗುವ ಕೆಲಸವನ್ನೇ ಬೇರ್ಪಡಿಸಿ ಅಳೆಯುವುದು. ಪೋಸ್ಟ್‌ಗ್ರೆಸ್‌ನಲ್ಲಿ `pg_stat_statements` ಎಂಬ ವಿಸ್ತರಣೆ ಪ್ರತಿ ಬಗೆಯ ಕ್ವೆರಿ ಎಷ್ಟು ಸಲ ನಡೆಯಿತು, ಸರಾಸರಿ ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡುತ್ತದೆ. 400 ಮಿಲಿಸೆಕೆಂಡಿನ ಕ್ವೆರಿ ಅಲ್ಲಿ ಬಚ್ಚಿಟ್ಟುಕೊಳ್ಳಲಾರದು. ಸಿಕ್ಕಮೇಲೆ ಅದನ್ನು `EXPLAIN (ANALYZE, BUFFERS)` ಹಾಕಿ ನಡೆಸಿ ನೋಡಿದರೆ ಒಳಗಿನ ಕಥೆ ಹೊರಬರುತ್ತದೆ. ನಮ್ಮ ಪುಸ್ತಕಗಳ ಟೇಬಲ್ 800 ಎಂಬಿ, ಪೋಸ್ಟ್‌ಗ್ರೆಸ್ ಅದನ್ನು 8 ಕೆಬಿಯ ಪುಟಗಳಲ್ಲಿ ಇಡುತ್ತದೆ, ಅಂದರೆ ಸುಮಾರು ಒಂದು ಲಕ್ಷ ಪುಟ. ವಿಭಾಗ ಮತ್ತು ದಿನಾಂಕಕ್ಕೆ ಇಂಡೆಕ್ಸ್ ಇಲ್ಲದ್ದರಿಂದ 20 ಪುಸ್ತಕ ಹುಡುಕಲು ಲಕ್ಷ ಪುಟಗಳನ್ನೂ ತಿರುವಿಹಾಕುತ್ತಿದೆ.

ಇಲ್ಲೊಂದು ಸೋಜಿಗ ಇದೆ. ಡೇಟಾಬೇಸಿಗೂ ತನ್ನದೇ ಒಳ ಕ್ಯಾಶ್ ಇದೆ, ಅದಕ್ಕೂ ಹಿಟ್ ರೇಶಿಯೋ ಇದೆ. ಮೆಮೊರಿ ಧಾರಾಳವಾಗಿದ್ದು ಇಡೀ ಟೇಬಲ್ ಅಲ್ಲೇ ಕೂತಿದ್ದರೆ ಆ ಲಕ್ಷ ಪುಟಗಳೂ ಹಿಟ್, ಶೇ. 100. ಇಂಡೆಕ್ಸ್ ಹಾಕಿದ ಮೇಲೆ ಓದಬೇಕಾದದ್ದು ಸುಮಾರು 25 ಪುಟ. ಅದರಲ್ಲಿ 5 ಡಿಸ್ಕಿನಿಂದ ಬಂದರೆ ಆ ಕ್ವೆರಿಯ ರೇಶಿಯೋ ಶೇ. 80. ಅಂಕ ಕೆಟ್ಟಿತು, ಕೆಲಸ ನಾಲ್ಕು ಸಾವಿರ ಪಟ್ಟು ತಗ್ಗಿತು. ಒರಾಕಲ್ ಡೇಟಾಬೇಸಿನ ಬಲ್ಲಿದರಾದ ಕ್ಯಾರಿ ಮಿಲ್‌ಸ್ಯಾಪ್ ಶೇ. 99 ಹಿಟ್ ರೇಶಿಯೋವನ್ನು ಕಂಡು ಸಮಾಧಾನಪಡಬಾರದೆಂದು ಎಷ್ಟೋ ವರ್ಷಗಳ ಹಿಂದೆಯೇ ವಾದಿಸಿದ್ದು ಇದಕ್ಕೇ. ಒಂದೇ ಪುಟವನ್ನು ವೃಥಾ ಮತ್ತೆ ಮತ್ತೆ ಓದುವ ಕ್ವೆರಿಯಷ್ಟು ಚೆನ್ನಾಗಿ ರೇಶಿಯೋವನ್ನು ಏರಿಸುವುದು ಬೇರೊಂದಿಲ್ಲ.

ತಾಣ ನಡೆಯುತ್ತಿರುವಾಗಲೇ, ಹೊಸ ದಾಖಲೆ ಸೇರಿಸುವುದನ್ನು ತಡೆಯದೆ ಇಂಡೆಕ್ಸ್ ಕಟ್ಟಲು ಇಷ್ಟು ಸಾಕು:

```
CREATE INDEX CONCURRENTLY
ON books (category_id, published_on DESC);
```

ಕ್ವೆರಿ 400 ಮಿಲಿಸೆಕೆಂಡಿನಿಂದ 4ಕ್ಕೆ ಇಳಿಯಿತು ಅನ್ನೋಣ. ಮತ್ತೆ ಗುಣಿಸಿ ನೋಡಿ. ಕ್ಯಾಶ್ ಪೂರ್ತಿ ಸತ್ತು ಸಾವಿರಕ್ಕೆ ಸಾವಿರವೂ ಡೇಟಾಬೇಸಿಗೆ ಬಂದರೂ ಬೇಕಾಗುವುದು ಸರಾಸರಿ 4 ಕನೆಕ್ಷನ್. ರೆಡಿಸನ್ನು ಮರುಚಾಲನೆ ಮಾಡುವಾಗ ಈಗ ಯಾರೂ ಉಸಿರು ಬಿಗಿಹಿಡಿಯಬೇಕಿಲ್ಲ. ಈ ಲೆಕ್ಕ ಕಾಗದದ ಮೇಲಷ್ಟೇ ಇರಬಾರದು ಅನ್ನುವವರು ಜನ ಕಡಿಮೆಯಿರುವ ಹೊತ್ತಿನಲ್ಲಿ ನೂರಕ್ಕೊಂದು ಕೇಳಿಕೆಯನ್ನು ಬೇಕೆಂದೇ ಕ್ಯಾಶ್ ದಾಟಿಸಿ ಕಳಿಸಿ, ಕ್ವೆರಿಯ ಸಮಯ ಏರುತ್ತದೆಯೇ ಎಂದು ನೋಡಬಹುದು. ಪರೀಕ್ಷೆಗೆಂದು ಇಡೀ ಕ್ಯಾಶನ್ನು ಒಮ್ಮೆಲೇ ಅಳಿಸುವುದು ಬೇಡ.

ಅಷ್ಟಾದ ಮೇಲೆ ಕ್ಯಾಶಿನ ಅವಧಿಯನ್ನು ಒಂದು ಗಂಟೆಯಿಂದ ಕೆಲವೇ ಸೆಕೆಂಡುಗಳಿಗೆ ಇಳಿಸಬಹುದು. ಹೊಸ ಪುಸ್ತಕ ಸೇರಿಸಿದ ಕೂಡಲೇ ಪಟ್ಟಿಯಲ್ಲಿ ಕಾಣುತ್ತದೆ. ಹಿಟ್ ರೇಶಿಯೋ ಶೇ. 85ಕ್ಕೆ ಬಿದ್ದಿತೆಂದರೆ ಸೆಕೆಂಡಿಗೆ 150 ಮಿಸ್. ಮೊದಲಿದ್ದ 20ರ ಏಳೂವರೆ ಪಟ್ಟು. ಅದಕ್ಕೆ ತಗಲುವುದು ಒಂದು ಕನೆಕ್ಷನ್ನಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು.