ಇಂದು ಕೈಗೆ ಬಂದ ರೂಪಾಯಿ ಎಲ್ಲಿಗೆ ಹೋಗುತ್ತದೆ?

ಸಿಎ ಅಂತಿಮ ಹಂತದ ಅಡ್ವಾನ್ಸ್ಡ್ ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್ ಓದುವವರಿಗೆ ಈ ಬಗೆಯ ಲೆಕ್ಕ ಚೆನ್ನಾಗಿ ಪರಿಚಯ. ಸಿದ್ಧ ಉಡುಪು ರಫ್ತು ಮಾಡುವ ಕಂಪನಿಯೊಂದಕ್ಕೆ ಮೂರು ತಿಂಗಳ ನಂತರ ಅಮೆರಿಕದಿಂದ 5,00,000 ಡಾಲರ್ ಬರಬೇಕಿದೆ. ಅಷ್ಟರೊಳಗೆ ಡಾಲರ್ ಅಗ್ಗವಾದರೆ ಕಂಪನಿಗೆ ನಷ್ಟ. ಆ ನಷ್ಟ ತಪ್ಪಿಸಲು ಫಾರ್ವರ್ಡ್ ಕರಾರು ಮಾಡಿಕೊಳ್ಳಬೇಕೋ, ಮನಿ ಮಾರ್ಕೆಟ್ ಹೆಡ್ಜ್ ಹಿಡಿಯಬೇಕೋ ಎಂಬುದೇ ಪ್ರಶ್ನೆ.

ಅಂಕಿಗಳು ಹೀಗಿರಲಿ. ಇವತ್ತಿನ ಸ್ಪಾಟ್ ದರ 84.00–84.10 ರೂಪಾಯಿ, ಮೂರು ತಿಂಗಳ ಫಾರ್ವರ್ಡ್ ದರ 84.50–84.65. ಡಾಲರ್ ಸಾಲಕ್ಕೆ ವಾರ್ಷಿಕ ಬಡ್ಡಿ ಶೇ 6, ರೂಪಾಯಿ ಠೇವಣಿಗೆ ಶೇ 7.

ಫಾರ್ವರ್ಡ್ ಲೆಕ್ಕ ಒಂದೇ ಸಾಲಿನದು. ಡಾಲರನ್ನು ನಾವು ಮಾರುತ್ತೇವೆ, ಬ್ಯಾಂಕ್ ಕೊಳ್ಳುತ್ತದೆ. ಕೊಳ್ಳುವಾಗ ಬ್ಯಾಂಕ್ ಕಡಿಮೆ ಬೆಲೆಯನ್ನೇ ಕೊಡುತ್ತದೆ, ಆದ್ದರಿಂದ ನಮಗೆ ಸಿಗುವ ದರ 84.50. ಮೂರು ತಿಂಗಳ ನಂತರ ಕೈಗೆ ಬರುವುದು 4,22,50,000 ರೂಪಾಯಿ.

ಮನಿ ಮಾರ್ಕೆಟ್ ಹೆಡ್ಜ್‌ನಲ್ಲಿ ಮೂರು ತಿಂಗಳ ನಂತರದ ವಹಿವಾಟನ್ನು ಇವತ್ತೇ ಮುಗಿಸುತ್ತೇವೆ. ಬರಬೇಕಾದ ಡಾಲರಿನ ಮೇಲೆ ಇಂದೇ ಡಾಲರ್ ಸಾಲ ಎತ್ತಿ, ಸ್ಪಾಟ್ ದರದಲ್ಲಿ ರೂಪಾಯಿ ಮಾಡಿಕೊಂಡು ಠೇವಣಿ ಇಡುವುದು. ಗ್ರಾಹಕ ಕಳಿಸಿದ ಡಾಲರ್ ನೇರವಾಗಿ ಸಾಲಕ್ಕೆ ಜಮಾ. ಇಲ್ಲಿ ಹಲವರು 5,00,000 ಡಾಲರನ್ನೂ ಸಾಲವಾಗಿ ಪಡೆದುಬಿಡುತ್ತಾರೆ. ಆಗ ಮೂರು ತಿಂಗಳ ಬಡ್ಡಿ 7,500 ಡಾಲರಿಗೆ ದುಡ್ಡೇ ಇರುವುದಿಲ್ಲ, ಅಷ್ಟನ್ನು ಅಂದಿನ ದರದಲ್ಲಿ ಕೊಳ್ಳಬೇಕಾಗುತ್ತದೆ. ಅಸಲು ಮತ್ತು ಬಡ್ಡಿ ಸೇರಿ 5,00,000 ಆಗುವಷ್ಟು ಮಾತ್ರ ಸಾಲ ಪಡೆಯಬೇಕು. ಮೂರು ತಿಂಗಳಿಗೆ ಬಡ್ಡಿ ಶೇ 1.5, ಹಾಗಾಗಿ 5,00,000ವನ್ನು 1.015ರಿಂದ ಭಾಗಿಸಿದರೆ 4,92,611 ಡಾಲರ್. ಅದನ್ನು 84.00ಕ್ಕೆ ಮಾರಿದರೆ ಇಂದು ಸಿಗುವುದು ಸುಮಾರು 4,13,79,310 ರೂಪಾಯಿ.

ಈ ಮೊತ್ತವನ್ನು ಫಾರ್ವರ್ಡ್‌ನ 4,22,50,000 ಜೊತೆ ಹೋಲಿಸಿ ಉತ್ತರ ಬರೆದರೆ ಅಂಕ ಹೋಯಿತು. ಒಂದು ಇವತ್ತಿನ ಹಣ, ಇನ್ನೊಂದು ಮೂರು ತಿಂಗಳಾಚೆಯದು. ಠೇವಣಿಯ ಮೂರು ತಿಂಗಳ ಬಡ್ಡಿ ಶೇ 1.75 ಸೇರಿಸಿದರೆ 4,21,03,448 ರೂಪಾಯಿ ಆಗುತ್ತದೆ. ಈಗ ಎರಡೂ ಒಂದೇ ದಿನದ ಮೊತ್ತ. ಫಾರ್ವರ್ಡ್ 1,46,552 ರೂಪಾಯಿಯಷ್ಟು ಮೇಲು.

ಲೆಕ್ಕ ಸರಿಯಿದೆಯೇ ಎಂದು ನೋಡಲು ಕೊನೆಯ ಮೊತ್ತವನ್ನು 5,00,000ದಿಂದ ಭಾಗಿಸಿ. ಇಲ್ಲಿ 84.21 ಬರುತ್ತದೆ, ಫಾರ್ವರ್ಡ್ ದರಕ್ಕೆ ಹತ್ತಿರವೇ ಇದೆ. ಫಾರ್ವರ್ಡ್ ದರ ಹುಟ್ಟುವುದೇ ಎರಡು ದೇಶಗಳ ಬಡ್ಡಿಯ ಅಂತರದಿಂದ, ಹಾಗಾಗಿ ಎರಡು ದಾರಿಗಳ ಫಲ ತೀರಾ ದೂರ ಹೋಗುವುದಿಲ್ಲ. 80 ಅಥವಾ 88 ಬಂದರೆ ಒಂದು ಕಡೆ ಮೂರು ತಿಂಗಳ ಬಡ್ಡಿಯ ಬದಲು ಇಡೀ ವರ್ಷದ ಬಡ್ಡಿ ಹಾಕಿರುತ್ತೀರಿ. ಆದರೆ ಎರಡೂ ಕಡೆ ವರ್ಷದ ಬಡ್ಡಿಯನ್ನೇ ಹಾಕಿದ್ದರೆ 84.79 ಬರುತ್ತದೆ. ನೋಡಲು ಏನೂ ಅನುಮಾನ ಬಾರದ ಅಂಕಿ, ಆದರೆ ಉತ್ತರವೇ ಬದಲಾಗಿ ಮನಿ ಮಾರ್ಕೆಟ್ ಗೆದ್ದಂತೆ ಕಾಣುತ್ತದೆ. ಅದಕ್ಕೇ ಮೊದಲ ಸಾಲಿನಲ್ಲೇ ವಾರ್ಷಿಕ ದರವನ್ನು 3/12ರಿಂದ ಗುಣಿಸಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ನನ್ನ ಮಟ್ಟಿಗೆ ಈ ಲೆಕ್ಕದ ನಿಜವಾದ ತಿರುಳು ಇನ್ನೊಂದು ಕಡೆ ಇದೆ. ಕಂಪನಿಗೆ ಶೇ 10ರ ಬಡ್ಡಿಯ ಓವರ್‌ಡ್ರಾಫ್ಟ್ ಇದೆ ಎಂಬ ವಾಕ್ಯವನ್ನು ಪ್ರಶ್ನೆಯಲ್ಲಿ ಸೇರಿಸಿ ನೋಡಿ. ಶೇ 10 ಕಟ್ಟುತ್ತಿರುವವರು ಶೇ 7ಕ್ಕೆ ಠೇವಣಿ ಏಕೆ ಇಡುತ್ತಾರೆ? ಇಂದು ಬಂದ ರೂಪಾಯಿಯನ್ನು ಓವರ್‌ಡ್ರಾಫ್ಟ್ ತೀರಿಸಲು ಬಳಸುತ್ತಾರೆ. ಉಳಿದ ಬಡ್ಡಿಯೇ ಗಳಿಕೆ, ಮೂರು ತಿಂಗಳಿಗೆ ಶೇ 2.5. ಅದೇ 4,13,79,310 ಈಗ 4,24,13,793 ಆಗುತ್ತದೆ, ಫಾರ್ವರ್ಡ್‌ಗಿಂತ 1,63,793 ರೂಪಾಯಿ ಹೆಚ್ಚು. ಡಾಲರ್ ದರ ಒಂದು ಪೈಸೆಯೂ ಬದಲಾಗಿಲ್ಲ, ಸಲಹೆ ಮಾತ್ರ ತಿರುಗಿತು. ಬ್ಯಾಂಕಿನ ಫಾರ್ವರ್ಡ್ ದರ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ, ಸಾಲದ ಬಡ್ಡಿ ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆ.

ಆಮದುದಾರನಾದರೆ ಎಲ್ಲವೂ ಉಲ್ಟಾ: ರೂಪಾಯಿ ಸಾಲ, 84.10ಕ್ಕೆ ಡಾಲರ್ ಖರೀದಿ, ಡಾಲರ್ ಠೇವಣಿ. ಅಲ್ಲಿ ಕೊನೆಯಲ್ಲಿ ಕಡಿಮೆ ಮೊತ್ತವೇ ಲಾಭ.

ಗ್ರಾಹಕ ಹಣ ತಡಮಾಡಿದರೆ ಎರಡು ದಾರಿಯೂ ಕೈಕಟ್ಟುತ್ತವೆ. ಫಾರ್ವರ್ಡ್ ಕರಾರನ್ನು ಅಂದಿನ ದರದಲ್ಲಿ ರದ್ದು ಮಾಡಿಸಿ ವ್ಯತ್ಯಾಸ ಇತ್ಯರ್ಥ ಮಾಡಬೇಕು, ಇಲ್ಲವೇ ಅವಧಿ ಮುಂದಕ್ಕೆ ಹಾಕಿಸಬೇಕು. ಮನಿ ಮಾರ್ಕೆಟ್‌ನಲ್ಲಿ ಡಾಲರ್ ಸಾಲದ ಕಂತು ಬಾಗಿಲಲ್ಲಿ ನಿಂತಿರುತ್ತದೆ. ಸಾಲ ಮುಂದುವರಿಸಬೇಕು, ಇಲ್ಲವೇ ಮಾರುಕಟ್ಟೆಯಲ್ಲಿ ಡಾಲರ್ ಕೊಂಡು ಕಟ್ಟಬೇಕು.