ಚೌಕುಳಿ ಕಂಡರೆ ಸಾಕೇ? ಚಿತ್ರದ ಹಿನ್ನೆಲೆ ಪೂರ್ತಿ ಹೋಗಿದೆ ಎಂದು ಖಚಿತ ಮಾಡಿಕೊಳ್ಳುವ ಬಗೆ

ಚನ್ನಪಟ್ಟಣದ ಮರದ ತೂಗುಕುದುರೆಯೊಂದನ್ನು ಬಿಳಿ ಹಾಳೆಯ ಮೇಲಿಟ್ಟು ಫೋಟೊ ತೆಗೆದಿದ್ದೀರಿ ಎಂದುಕೊಳ್ಳಿ. ಕಡುಹಸಿರು ಬಣ್ಣದ ಕರಪತ್ರದಲ್ಲಿ ಅದನ್ನು ಅಚ್ಚು ಹಾಕಿಸಬೇಕು. ಹಾಳೆ ಬೇಡ, ಕುದುರೆಯಷ್ಟೇ ಬೇಕು. ಕಂಪ್ಯೂಟರಿನಲ್ಲಿ ಹಿನ್ನೆಲೆ ಅಳಿಸುತ್ತೀರಿ, ಕುದುರೆಯ ಸುತ್ತ ಬೂದು ಚೌಕಗಳು ಮೂಡುತ್ತವೆ, ಕೆಲಸ ಆಯಿತೆಂದು ಮುದ್ರಣಾಲಯಕ್ಕೆ ಕಳಿಸುತ್ತೀರಿ. ಅಚ್ಚಾಗಿ ಬಂದ ಕರಪತ್ರದಲ್ಲಿ ಕುದುರೆಯ ಅಂಚಿಗೆ ಬಿಳಿ ಗೆರೆ ಹತ್ತಿರುತ್ತದೆ, ಬುಡದಲ್ಲಿ ನೆರಳಿನ ತುಣುಕು ಉಳಿದಿರುತ್ತದೆ, ಒಂದು ಮೂಲೆಯಲ್ಲಿ ಮಬ್ಬಾದ ಕಲೆ ಕಾಣುತ್ತದೆ. ಮುದ್ರಣದ ತಪ್ಪಲ್ಲ ಇದು. ಮೂರೂ ನಿಮ್ಮ ಕಡತದಲ್ಲೇ ಇದ್ದವು. ಚೌಕುಳಿಯ ಮೇಲೆ ಅವು ಕಣ್ಣಿಗೆ ಬೀಳಲಿಲ್ಲ, ಅಷ್ಟೆ.

ಹೀಗೇಕೆ ಆಗುತ್ತದೆ ಎಂದು ತಿಳಿಯಲು ಆ ಚೌಕಗಳು ಏನೆಂಬುದನ್ನು ಮೊದಲು ನೋಡಬೇಕು.

ಚೌಕಗಳು ಚಿತ್ರದ ಭಾಗವಲ್ಲ

ಡಿಜಿಟಲ್ ಚಿತ್ರದ ಪ್ರತಿ ಚುಕ್ಕಿಗೂ, ಅಂದರೆ ಪಿಕ್ಸೆಲ್‌ಗೂ, ಕೆಂಪು, ಹಸಿರು, ನೀಲಿ ಎಂಬ ಮೂರು ಸಂಖ್ಯೆಗಳಿರುತ್ತವೆ. ಪಾರದರ್ಶಕತೆ ಬೇಕಾದಾಗ ನಾಲ್ಕನೆಯದೊಂದು ಸೇರುತ್ತದೆ. ಅದೇ ಆಲ್ಫಾ. ಸಾಮಾನ್ಯ ಚಿತ್ರಗಳಲ್ಲಿ ಅದರ ಬೆಲೆ 0ಯಿಂದ 255ರವರೆಗೆ ಇರುತ್ತದೆ. 255 ಎಂದರೆ ಚುಕ್ಕಿ ಪೂರ್ತಿ ಗಟ್ಟಿ, 0 ಎಂದರೆ ಪೂರ್ತಿ ಪಾರದರ್ಶಕ, ನಡುವಿನದೆಲ್ಲ ಅರೆಪಾರದರ್ಶಕ. 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಕೆಲಸ ಮಾಡುತ್ತಿದ್ದ ಎಡ್ ಕ್ಯಾಟ್‌ಮಲ್ ಮತ್ತು ಆಲ್ವಿ ರೇ ಸ್ಮಿತ್ ಇದನ್ನು ರೂಪಿಸಿದರು. ಇಂದು ಪಿಎನ್‌ಜಿ ಕಡತಗಳು ಈ ನಾಲ್ಕನೆಯ ಸಂಖ್ಯೆಯನ್ನು ಇಟ್ಟುಕೊಳ್ಳಬಲ್ಲವು. ಜೆಪೆಗ್ ಕಡತದಲ್ಲಿ ಅದಕ್ಕೆ ಜಾಗವೇ ಇಲ್ಲ.

ಏನೂ ಇಲ್ಲದ ಜಾಗವನ್ನು ಪರದೆಯಲ್ಲಿ ತೋರಿಸುವುದು ಹೇಗೆ? ಬಿಳಿ ತೋರಿಸಿದರೆ ಬಿಳಿ ಬಣ್ಣವೇ ಇದೆ ಎಂದುಕೊಳ್ಳುತ್ತೇವೆ. ಅದಕ್ಕಾಗಿ ಫೋಟೊಶಾಪ್, ಜಿಂಪ್, ಕ್ರಿಟಾದಂಥ ತಂತ್ರಾಂಶಗಳು ಚಿತ್ರದ ಕೆಳಗೆ ಚೌಕುಳಿ ಹಾಸು ಹಾಸಿದಂತೆ ತೋರಿಸುತ್ತವೆ. ಅದು ಕಡತದೊಳಗೆ ಇರುವುದಿಲ್ಲ, ಅಚ್ಚಿಗೂ ಬರುವುದಿಲ್ಲ. ಜಿಂಪ್‌ನಲ್ಲಿ `Edit > Preferences > Display` ತೆರೆದರೆ ಚೌಕಗಳ ಗಾತ್ರವನ್ನೂ ಬಣ್ಣವನ್ನೂ ಬದಲಾಯಿಸಬಹುದು. ಚೌಕ ಬೇಡವೆಂದರೆ ಬರೀ ಬಿಳಿ ಅಥವಾ ಬರೀ ಕಪ್ಪನ್ನೂ ಆರಿಸಿಕೊಳ್ಳಬಹುದು.

ಅಂತರಜಾಲದಿಂದ ಇಳಿಸಿಕೊಂಡ ಚಿತ್ರಗಳಲ್ಲಿ ಇದರ ನಕಲಿಯೂ ಇರುತ್ತದೆ. ಯಾರೋ ಪರದೆಯ ಚಿತ್ರ ಸೆರೆಹಿಡಿದಾಗ ಚೌಕುಳಿಯೂ ಚಿತ್ರದೊಳಗೆ ಬಣ್ಣವಾಗಿ ಸೇರಿಬಿಟ್ಟಿರುತ್ತದೆ. ಕಂಡುಹಿಡಿಯುವುದು ಸುಲಭ. ಜಿಂಪ್‌ನಲ್ಲಿ ಚಿತ್ರವನ್ನು ಹಿಗ್ಗಿಸಿ ನೋಡಿ. ತಂತ್ರಾಂಶ ತೋರಿಸುವ ನಿಜವಾದ ಚೌಕಗಳು ಎಷ್ಟು ಹಿಗ್ಗಿಸಿದರೂ ಅದೇ ಗಾತ್ರದಲ್ಲಿರುತ್ತವೆ. ಚಿತ್ರದೊಳಗೆ ಸೇರಿಹೋದ ಚೌಕಗಳು ಚಿತ್ರದ ಜೊತೆಗೇ ದೊಡ್ಡದಾಗುತ್ತವೆ.

ಅಳಿಸುವಾಗ ಎಲ್ಲಿ ಉಳಿಯುತ್ತದೆ

ಉಚಿತವಾಗಿ ಸಿಗುವ ಜಿಂಪ್‌ನಲ್ಲೇ ನಮ್ಮ ಕುದುರೆಯನ್ನು ತೆರೆಯೋಣ. ಮೊಬೈಲ್ ಫೋಟೊ ಸಾಮಾನ್ಯವಾಗಿ ಜೆಪೆಗ್ ಆಗಿರುವುದರಿಂದ ಅದರಲ್ಲಿ ಆಲ್ಫಾ ಇರುವುದಿಲ್ಲ. ಈ ಸ್ಥಿತಿಯಲ್ಲಿ ಹಿನ್ನೆಲೆ ಆರಿಸಿ `Delete` ಒತ್ತಿದರೆ ಆ ಜಾಗಕ್ಕೆ ತಂತ್ರಾಂಶದ ಹಿನ್ನೆಲೆ ಬಣ್ಣ ತುಂಬಿಕೊಳ್ಳುತ್ತದೆ. ಅದು ಬಹುಪಾಲು ಬಿಳಿಯೇ ಆಗಿರುತ್ತದೆ. ಮಾಸಲು ಬಿಳಿಯ ಹಾಳೆ ಶುಭ್ರ ಬಿಳಿಯಾದದ್ದನ್ನು ನೋಡಿ ಹಿನ್ನೆಲೆ ಹೋಯಿತೆಂದು ಹೊಸಬರು ಮೋಸ ಹೋಗುವುದು ಇಲ್ಲೇ. ಆದ್ದರಿಂದ ಮೊದಲು `Layer > Transparency > Add Alpha Channel` ಕೊಡಬೇಕು. ಆಮೇಲೆ ಅಳಿಸಿದರೆ ಚೌಕುಳಿ ಕಾಣುತ್ತದೆ.

ಈಗ `Fuzzy Select` ಉಪಕರಣದಿಂದ ಬಿಳಿ ಹಾಳೆಯ ಮೇಲೆ ಕ್ಲಿಕ್ ಮಾಡೋಣ. ಅದು ಕ್ಲಿಕ್ ಮಾಡಿದ ಬಣ್ಣವನ್ನು ಹೋಲುವ, ಒಂದಕ್ಕೊಂದು ತಾಗಿಕೊಂಡಿರುವ ಚುಕ್ಕಿಗಳನ್ನಷ್ಟೇ ಆರಿಸುತ್ತದೆ. ತೂಗುಕುದುರೆಯ ಕಾಲುಗಳಿಗೂ ಕೆಳಗಿನ ಬಾಗಿದ ಪಟ್ಟಿಗೂ ನಡುವೆ ಸುತ್ತುವರಿದ ಕಿಂಡಿ ಇದೆ. ಹೊರಗಿನ ಹಾಳೆಗೂ ಕಿಂಡಿಯೊಳಗಿನ ಹಾಳೆಗೂ ಸಂಪರ್ಕವಿಲ್ಲ. ಹಾಗಾಗಿ `Shift` ಒತ್ತಿ ಹಿಡಿದು ಕಿಂಡಿಯೊಳಗೂ ಕ್ಲಿಕ್ ಮಾಡಬೇಕು. ಕುದುರೆಯ ಬುಡದ ನೆರಳು ಹಾಳೆಗಿಂತ ಕಪ್ಪಗಿರುವುದರಿಂದ ಅದೂ ಆಯ್ಕೆಯಿಂದ ಹೊರಗುಳಿಯುತ್ತದೆ. ನೆರಳಿನ ಬಣ್ಣವೂ ಬೂದು, ಚೌಕಗಳ ಬಣ್ಣವೂ ಬೂದು. ಹೀಗಾಗಿ ಅಳಿಸಿದ ಮೇಲೆ ಅದು ಚೌಕುಳಿಯಲ್ಲಿ ಬೆರೆತು ಅಡಗಿಬಿಡುತ್ತದೆ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ. ಅರಗಿನ ಬಣ್ಣದ ಹೊಳಪಿನಿಂದಾಗಿ ಕುದುರೆಯ ಬೆನ್ನ ಮೇಲೆ ಬೆಳಕು ಬಿದ್ದ ಕಡೆ ಬಿಳಿ ಮಿಂಚು ಇರುತ್ತದೆ. ಚಿತ್ರದಲ್ಲಿರುವ ಬಿಳಿಯನ್ನೆಲ್ಲ ಒಟ್ಟಿಗೆ ಆರಿಸುವ `Select by Color` ಬಳಸಿದರೆ ಆ ಮಿಂಚೂ ಅಳಿಸಿಹೋಗಿ ಕುದುರೆಯ ಮೈಯಲ್ಲೇ ತೂತು ಬೀಳುತ್ತದೆ. ಬಿಳಿ ಪುಟದ ಮೇಲೆ ಆ ತೂತು ಮಿಂಚಿನಂತೆಯೇ ಕಾಣುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಹಸಿರು ಕರಪತ್ರದಲ್ಲಿ ಕೆಂಪು ಬೆನ್ನಿನ ಮೇಲೆ ಹಸಿರು ಮಚ್ಚೆ ಕಾಣುತ್ತದೆ.

ಮೊದಲ ಪರೀಕ್ಷೆ: ಕೆಳಗೆ ಗಟ್ಟಿ ಬಣ್ಣ

ಚೌಕುಳಿಯ ಎರಡು ಬಣ್ಣಗಳ ಏರಿಳಿತದಲ್ಲಿ ಸಣ್ಣ ದೋಷ ಮುಚ್ಚಿಹೋಗುತ್ತದೆ. ಅದಕ್ಕೆ ಪರಿಹಾರವೆಂದರೆ ಏರಿಳಿತವೇ ಇಲ್ಲದ ಒಂದೇ ಬಣ್ಣದ ಪದರವನ್ನು ಕುದುರೆಯ ಕೆಳಗೆ ಇಡುವುದು. `Layer > New Layer` ಕೊಟ್ಟು, ಆ ಪದರಕ್ಕೆ ಬಣ್ಣ ತುಂಬಿ, ಪದರಗಳ ಪಟ್ಟಿಯಲ್ಲಿ ಕುದುರೆಯ ಕೆಳಕ್ಕೆ ಎಳೆಯಿರಿ. ಬಣ್ಣ ಆರಿಸುವಾಗ ವಸ್ತುವಿನಲ್ಲಿ ಇಲ್ಲದ್ದನ್ನೇ ಆರಿಸಬೇಕು. ನಮ್ಮ ಕುದುರೆ ಕೆಂಪು, ಹಳದಿ. ಹಾಗಾಗಿ ಗಾಢ ನೀಲಿ ಒಳ್ಳೆಯದು. ಉಳಿದ ನೆರಳು, ಬಿಟ್ಟುಹೋದ ಕಿಂಡಿ, ಬೆನ್ನಿನ ತೂತು ಎಲ್ಲವೂ ನೀಲಿಯ ಮೇಲೆ ಕೂಡಲೇ ಎದ್ದು ಕಾಣುತ್ತವೆ.

ಆಮೇಲೆ ಅದೇ ಪದರವನ್ನು ಒಮ್ಮೆ ಕಪ್ಪು, ಒಮ್ಮೆ ಬಿಳಿ ಮಾಡಿ, ಅಂಚುಗಳನ್ನು ಹಿಗ್ಗಿಸಿ ಸುತ್ತಲೂ ನೋಡಿ. ಕುದುರೆ ಮುಗಿದು ಹಾಳೆ ಶುರುವಾಗುವಲ್ಲಿ ಕ್ಯಾಮೆರಾ ಎರಡರ ಬಣ್ಣವನ್ನೂ ಬೆರೆಸಿದ ಚುಕ್ಕಿಗಳನ್ನು ದಾಖಲಿಸಿರುತ್ತದೆ. ಅವು ಪೂರ್ತಿ ಬಿಳಿಯಲ್ಲದ ಕಾರಣ ಆಯ್ಕೆಗೆ ಸಿಗದೆ ಕುದುರೆಯ ಜೊತೆ ಉಳಿಯುತ್ತವೆ. ಕಪ್ಪಿನ ಮೇಲೆ ಇವು ಬಿಳಿ ಗೆರೆಯಾಗಿ ಕಾಣುತ್ತವೆ. ಬಿಳಿಯ ಮೇಲೆ ನೆರಳಿನ ಕಡೆಯ ಕಪ್ಪು ಗೆರೆ ಕಾಣುತ್ತದೆ. ಒಂದೇ ಬಣ್ಣದ ಮೇಲೆ ನೋಡಿದರೆ ಇವುಗಳಲ್ಲಿ ಒಂದು ತಪ್ಪಿಹೋಗುತ್ತದೆ.

ಈ ಗೆರೆ ತೆಗೆಯಲು ಕುದುರೆಯ ಪದರ ಆರಿಸಿ `Layer > Transparency > Alpha to Selection` ಕೊಡಿ. `Select > Shrink`ನಲ್ಲಿ 1 ಪಿಕ್ಸೆಲ್ ಒಳಸರಿಸಿ, `Select > Invert` ಮಾಡಿ, `Delete` ಒತ್ತಿ. ಕುದುರೆಯ ಅಂಚು ಒಂದು ಚುಕ್ಕಿಯಷ್ಟು ಒಳಸರಿಯುತ್ತದೆ. ಮರದ ಗೊಂಬೆಗೆ ಇದು ನಡೆಯುತ್ತದೆ. ಕೂದಲು, ಹೂವಿನ ಎಸಳಿನ ತುದಿಯಂಥ ತೆಳ್ಳನೆಯ ಭಾಗಗಳಿದ್ದರೆ ಅವೇ ಕತ್ತರಿಸಿಹೋಗುತ್ತವೆ. ಅಲ್ಲಿ ಈ ದಾರಿ ಬೇಡ.

ಎರಡನೆಯ ಪರೀಕ್ಷೆ: ಕಾಣದ ಧೂಳು

ಮೆತ್ತನೆಯ ಅಂಚಿನ ಎರೇಸರ್‌ನಿಂದ ಮೂಲೆ ಅಳಿಸಿದ್ದರೆ, ಅದು ತನ್ನ ನಡುಭಾಗದಲ್ಲಿ ಪೂರ್ತಿ ಅಳಿಸಿ, ಅಂಚಿನಲ್ಲಿ ಅರೆಬರೆ ಅಳಿಸಿರುತ್ತದೆ. ಅಲ್ಲೆಲ್ಲ 5, 10ರಷ್ಟು ಆಲ್ಫಾ ಉಳಿಯುತ್ತದೆ. ಲೆಕ್ಕ ಹಾಕಿ ನೋಡೋಣ. ಬೂದು ಚೌಕದ ಬೆಲೆ 153 ಇದೆ, ಅದರ ಮೇಲೆ ಆಲ್ಫಾ 10 ಇರುವ ಬಿಳಿ ಚುಕ್ಕಿ ಇದೆ ಎಂದಿಟ್ಟುಕೊಳ್ಳಿ. ಪರದೆಯಲ್ಲಿ ಕಾಣುವ ಬೆಲೆ ಹೆಚ್ಚುಕಡಿಮೆ 157. ಈ ನಾಲ್ಕರ ವ್ಯತ್ಯಾಸವನ್ನು ಕಣ್ಣು ಗುರುತಿಸುವುದು ಕಷ್ಟ. ಕಪ್ಪು ಪದರದ ಮೇಲೂ ಅದು 10ರಷ್ಟೇ ಬೆಳಗುತ್ತದೆ. ಆದರೆ ಇಂಥ ಚುಕ್ಕಿಗಳು ಗುಂಪಾಗಿದ್ದರೆ ಕಡುಬಣ್ಣದ ಅಚ್ಚಿನಲ್ಲಿ ಮಬ್ಬು ಕಲೆಯಾಗಿ ಕಾಣಬಹುದು.

ಆಯ್ಕೆಯ ಸುತ್ತ ಓಡುವ ಚುಕ್ಕಿಗೆರೆಯನ್ನೂ ಇಲ್ಲಿ ನಂಬುವಂತಿಲ್ಲ. ಅರ್ಧಕ್ಕಿಂತ ಹೆಚ್ಚು ಆಯ್ಕೆಯಾದ ಭಾಗಕ್ಕೆ ಮಾತ್ರ ಆ ಗೆರೆ ಬರುತ್ತದೆ.

ದಾರಿ ಇರುವುದು ಆಲ್ಫಾವನ್ನೇ ಹಿಗ್ಗಿಸುವುದರಲ್ಲಿ. ನೀಲಿ ಪದರ ಕೆಳಗಿರಲಿ. ಕುದುರೆಯ ಪದರ ಆರಿಸಿ `Colors > Levels` ತೆರೆಯಿರಿ. ಮೇಲಿನ `Channel` ಪಟ್ಟಿಯಲ್ಲಿ `Alpha` ಆರಿಸಿ. ಒಳಬೆಲೆಯ ಪಟ್ಟಿಯ ಬಲತುದಿಯಲ್ಲಿರುವ ಬಿಳಿ ತ್ರಿಕೋನವನ್ನು ಎಡಕ್ಕೆ ಎಳೆಯುತ್ತಾ 5ರ ಹತ್ತಿರ ತನ್ನಿ. ಈಗ ಆಲ್ಫಾ 5 ಇದ್ದ ಚುಕ್ಕಿಯೂ ಪೂರ್ತಿ ಗಟ್ಟಿಯಾಗಿ ಕಾಣುತ್ತದೆ, 0 ಇದ್ದದ್ದು ಮಾತ್ರ 0 ಆಗಿಯೇ ಉಳಿಯುತ್ತದೆ. ಮೂಲೆಯ ಧೂಳೆಲ್ಲ ನೀಲಿಯ ಮೇಲೆ ಬಿಳಿ ಮಚ್ಚೆಯಾಗಿ ಏಳುತ್ತದೆ. ನೋಡಿಕೊಂಡು ತ್ರಿಕೋನವನ್ನು ಮತ್ತೆ 255ಕ್ಕೆ ತನ್ನಿ.

ಧೂಳು ಕಂಡಿದ್ದರೆ ಅದನ್ನು ತೆಗೆಯುವುದೂ ಅದೇ ಕಿಟಕಿಯಲ್ಲಿ. ಎಡತುದಿಯ ಕಪ್ಪು ತ್ರಿಕೋನವನ್ನು 0ಯಿಂದ 20ಕ್ಕೆ ಸರಿಸಿ `OK` ಕೊಡಿ. 20ರವರೆಗಿನ ಆಲ್ಫಾವೆಲ್ಲ 0 ಆಗುತ್ತದೆ. ಕುದುರೆಯ ಅಂಚಿನ ನಯವೂ ಬಹುಮಟ್ಟಿಗೆ ಉಳಿಯುತ್ತದೆ. ಎರೇಸರ್ ಬಳಸಲೇಬೇಕಾದಾಗ `Hard edge` ಗುರುತು ಹಾಕಿಕೊಂಡರೆ ಇಂಥ ಧೂಳು ಹುಟ್ಟುವುದೇ ಕಡಿಮೆ.

ಮೂರನೆಯ ಪರೀಕ್ಷೆ: ಹೊರಬಂದ ಕಡತ

ಇಷ್ಟು ಹೊತ್ತು ನೋಡಿದ್ದು ಸಂಪಾದನೆಯಲ್ಲಿರುವ ಚಿತ್ರವನ್ನು. ಮುದ್ರಣಾಲಯಕ್ಕೆ ಹೋಗುವುದು ಬೇರೆ ಕಡತ. ನೀಲಿ ಪದರದ ಪಕ್ಕದ ಕಣ್ಣಿನ ಗುರುತು ಒತ್ತಿ ಅದನ್ನು ಮರೆಮಾಡಿ, ಇಲ್ಲವಾದರೆ ನೀಲಿಯೂ ಕಡತಕ್ಕೆ ಸೇರುತ್ತದೆ. `File > Export As` ಕೊಟ್ಟು ಹೆಸರಿನ ಕೊನೆಗೆ `.png` ಬರೆಯಿರಿ. `.jpg` ಎಂದು ಬರೆದರೆ ಪಾರದರ್ಶಕತೆ ಅಲ್ಲಿಗೇ ಮುಗಿಯಿತು.

ಆಗ ತೆರೆದುಕೊಳ್ಳುವ ಕಿಟಕಿಯಲ್ಲಿ `Save color values from transparent pixels` ಎಂಬ ಆಯ್ಕೆ ಇದೆ. ಆಲ್ಫಾ 0 ಆದ ಮಾತ್ರಕ್ಕೆ ಆ ಚುಕ್ಕಿಯ ಕೆಂಪು, ಹಸಿರು, ನೀಲಿ ಸಂಖ್ಯೆಗಳು ಅಳಿಯುವುದಿಲ್ಲ. ಅವು ಅಡಿಯಲ್ಲೇ ಇರುತ್ತವೆ. ಜಿಂಪ್‌ನ ಎರೇಸರ್‌ಗೆ ಅಳಿಸಿದ್ದನ್ನು ಮರಳಿ ತರುವ `Anti erase` ಎಂಬ ಆಯ್ಕೆ ಇರುವುದೂ ಇದರಿಂದಲೇ. ಈ ಗುರುತು ಇದ್ದರೆ ಅಳಿಸಿದ ಹಾಳೆ, ಹಿಂದೆ ನಿಂತಿದ್ದವರ ಮುಖ, ಮೇಜಿನ ಮೇಲಿದ್ದ ಕಾಗದ ಎಲ್ಲವೂ ಕಡತದೊಳಗೆ ಅಡಗಿ ಹೋಗಬಹುದು. ಗುರುತು ತೆಗೆದು ಕಳಿಸಿ.

ಕೊನೆಗೆ, ಹೊಸದಾಗಿ ಕಡುಹಸಿರು ಬಣ್ಣದ ಚಿತ್ರವೊಂದನ್ನು ತೆರೆದು, `File > Open as Layers` ಮೂಲಕ ಹೊರಬಂದ ಪಿಎನ್‌ಜಿಯನ್ನೇ ಅದರ ಮೇಲೆ ತನ್ನಿ. ಫೋಟೊ ತೋರಿಸುವ ಸಾಮಾನ್ಯ ತಂತ್ರಾಂಶದಲ್ಲಿ ತೆರೆದು ನೋಡಿದರೆ ಸಾಲದು. ಪಾರದರ್ಶಕ ಜಾಗವನ್ನು ಕೆಲವು ಬಿಳಿಯಾಗಿ, ಕೆಲವು ಕಪ್ಪಾಗಿ ತೋರಿಸುತ್ತವೆ. ಹಸಿರಿನ ಮೇಲೆ ಕುದುರೆಯಷ್ಟೇ ಕಂಡರೆ ಕಡತ ಸಿದ್ಧ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ. ಫೋಟೊ ಎಂದು ಹೋದದ್ದು ಜೆಪೆಗ್ ಆಗಿ ಬದಲಾಗಿ, ಅಳಿಸಿದ ಜಾಗಕ್ಕೆಲ್ಲ ಮತ್ತೆ ಬಣ್ಣ ತುಂಬಿಕೊಳ್ಳುತ್ತದೆ.