ಒಂದೇ ಮಾತ್ರೆ, ಎರಡು ತೂಕ

ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕು ತಾಲ್ಲೂಕುಗಳ, ಅಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಯಾವುದೇ ಶಾಲೆಯಲ್ಲಿ ಜಂತುಹುಳು ನಿವಾರಣಾ ದಿನ ಕೊಡುವುದು ಒಂದೇ ಮಾತ್ರೆ: 400 ಮಿಲಿಗ್ರಾಂ ಆಲ್ಬೆಂಡಜೋಲ್. ಒಂದನೇ ತರಗತಿಯ 18 ಕೆ.ಜಿ. ಹುಡುಗಿಗೂ ಅದೇ, ಹತ್ತನೇ ತರಗತಿಯ 50 ಕೆ.ಜಿ. ಹುಡುಗನಿಗೂ ಅದೇ. ಲೆಕ್ಕ ಹಾಕಿದರೆ ಹುಡುಗಿಗೆ ಕೆ.ಜಿ.ಗೆ ಸುಮಾರು 22 ಮಿಲಿಗ್ರಾಂ ಬೀಳುತ್ತದೆ, ಹುಡುಗನಿಗೆ ಬರೀ 8. ಜ್ವರದ ಸಿರಪ್ಪನ್ನು ತೂಕ ನೋಡಿ ಅಳೆದು ಹಾಕುವ ತಾಯಂದಿರಿಗೆ ಇದು ವಿಚಿತ್ರ ಅನಿಸುವುದು ಸಹಜವೇ.

ಜ್ವರದ ಔಷಧಿ ರಕ್ತಕ್ಕೆ ಸೇರಿದರೆ ಮಾತ್ರ ಕೆಲಸ ಮಾಡುತ್ತದೆ. ಮೈ ದೊಡ್ಡದಾದಷ್ಟೂ ಅದು ಹೆಚ್ಚು ಬೇಕು. ದುಂಡುಹುಳು, ಕೊಕ್ಕೆಹುಳುಗಳು ಇರುವುದು ಕರುಳಿನೊಳಗೆ. ಆಲ್ಬೆಂಡಜೋಲ್ ನೀರಿನಲ್ಲಿ ಸರಿಯಾಗಿ ಕರಗದ ಕಾರಣ ಬಹುಪಾಲು ರಕ್ತಕ್ಕೆ ಹೋಗದೆ ಕರುಳಿನಲ್ಲೇ ಉಳಿದು ಹುಳುವನ್ನು ಮುಟ್ಟುತ್ತದೆ. ಹುಳುವಿನ ಜೀವಕೋಶದ ಟ್ಯುಬುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು, ಅದು ಸಕ್ಕರೆ ಹೀರದಂತೆ ಮಾಡಿ ಸೊರಗಿಸುತ್ತದೆ. ಹುಳುವಿಗೆ ಬೇಕಾದ ಔಷಧಿ ಮಗುವಿನ ತೂಕ ಕೇಳುವುದಿಲ್ಲ.

ಇದೇ ಮದ್ದನ್ನು ಮಿದುಳಿಗೆ ಸೇರಿದ ಲಾಡಿಹುಳುವಿನ ಮರಿಗೆ ಕೊಡುವಾಗ ಮಾತ್ರ ವೈದ್ಯರು ಕೆ.ಜಿ. ಲೆಕ್ಕವನ್ನೇ ಹಿಡಿಯುತ್ತಾರೆ. ಅಲ್ಲಿಗೆ ಔಷಧಿ ರಕ್ತದ ಮೂಲಕವೇ ಹೋಗಬೇಕು, ಅದೂ ದಿನಗಟ್ಟಲೆ.

ಹಾಗಾದರೆ ವಯಸ್ಸಿನ ಗೆರೆ ಏಕೆ? 1ರಿಂದ 2 ವರ್ಷದೊಳಗಿನ ಮಗುವಿಗೆ ಅರ್ಧ ಮಾತ್ರೆ, 2ರಿಂದ 19ರವರೆಗೆ ಪೂರ್ತಿ. ರಕ್ತಕ್ಕೆ ಸೇರುವುದು ಕಡಿಮೆಯೆಂದರೂ ಸ್ವಲ್ಪ ಸೇರಿಯೇ ಸೇರುತ್ತದೆ, ತೀರಾ ಚಿಕ್ಕ ಮಕ್ಕಳಲ್ಲಿ ಅದನ್ನು ಬಳಸಿದ ಅನುಭವವೂ ಕಡಿಮೆ. ಅದಕ್ಕೇ ಈ ಎಚ್ಚರ. 9 ಕೆ.ಜಿ.ಯ ಕೂಸಿಗೆ 200 ಮಿಲಿಗ್ರಾಂ ಅಂದರೆ ಕೆ.ಜಿ.ಗೆ 22; ನಮ್ಮ ಒಂದನೇ ತರಗತಿಯ ಹುಡುಗಿಯ ಲೆಕ್ಕವೇ. ಎರಡು ತುಂಬಿದ 11 ಕೆ.ಜಿ. ಮಗುವಿಗೆ ಅದು ಒಮ್ಮೆಲೇ 36ಕ್ಕೆ ಏರುತ್ತದೆ. ಗೆರೆ ಎಳೆದ ಕಡೆ ಇಂಥ ಜಿಗಿತ ತಪ್ಪದು. ಒಂದೇ ಸಲದ ಡೋಸು, ಸುರಕ್ಷತೆಯ ಅಂತರವೂ ದೊಡ್ಡದು, ಹಾಗಾಗಿ ಇದು ನಡೆಯುತ್ತದೆ. ಪ್ರತಿ ಶಾಲೆಗೂ ತಕ್ಕಡಿ ಒಯ್ಯುವುದಕ್ಕಿಂತ ಹಾಜರಿ ಪುಸ್ತಕ ನೋಡಿ ಕೊಡುವುದು ಮೇಷ್ಟರಿಗೂ ಸಲೀಸು.

ಚಾಟಿಹುಳುವಿನ ಮುಂದೆ ಮಾತ್ರ ಈ ಒಂದು ಮಾತ್ರೆಯ ಆಟ ಅಷ್ಟಾಗಿ ನಡೆಯದು. ಉಳಿದ ಹುಳುಗಳೂ ಮಣ್ಣಿನಿಂದ ಮತ್ತೆ ಸೇರಿಕೊಳ್ಳುತ್ತವೆ. ಆಗಸ್ಟಿನಲ್ಲಿ ಕೊಟ್ಟದ್ದನ್ನು ಫೆಬ್ರುವರಿಯಲ್ಲಿ ಮತ್ತೆ ಕೊಡುವುದು ಅದಕ್ಕೇ.

ನನ್ನ ಮಟ್ಟಿಗೆ, ಡೋಸಿಗಿಂತ ಹೆಚ್ಚು ಗಮನ ಬೇಕಾದದ್ದು ಗಂಟಲಿಗೆ. ಜಂತುಹುಳು ಮಾತ್ರೆಯಿಂದಾಗುವ ದೊಡ್ಡ ಅನಾಹುತ ಅಂದರೆ, ಅಳುವ ಕೂಸಿನ ಬಾಯಿಗೆ ಬಲವಂತವಾಗಿ ತುರುಕಿ ಅದು ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುವುದು. ಹಾಗಾಗಿ ಅಂಗನವಾಡಿಯಲ್ಲಿ ಮೂರು ವರ್ಷದೊಳಗಿನವರಿಗೆ ಮಾತ್ರೆಯನ್ನು ಎರಡು ಚಮಚಗಳ ನಡುವೆ ಪುಡಿಮಾಡಿ ನೀರಲ್ಲಿ ಕಲಸಿ ಕುಡಿಸಬೇಕು. ದೊಡ್ಡವರು ಟೀಚರ್ ಎದುರೇ ಅಗಿದು ತಿನ್ನಬೇಕು. ಅಂದು ಜ್ವರ ಬಂದು ಮಲಗಿದ ಮಗುವಿಗೆ ಕೊಡುವುದು ಬೇಡ. ವಾರದ ನಂತರ ಬಿಟ್ಟುಹೋದವರಿಗೆಂದೇ ಇನ್ನೊಂದು ದಿನ ಇರುತ್ತದೆ.